ಜರ್ಮನಿಯಲ್ಲಿ ಕಟ್ಟುವ ಪಿಂಚಣಿ ಹಣ ಎಲ್ಲಿಗೆ ಹೋಗುತ್ತೆ?

ಪ್ರಶ್ನೆ: ಜರ್ಮನಿಯಲ್ಲಿ ಕೆಲಸ ಮಾಡ್ತೀನಿ. ಸಂಬಳದಲ್ಲಿ ಪಿಂಚಣಿಗೆ ಅಂತ ಹಿಡಿಯೋ ದುಡ್ಡು ನನ್ನ ಹೆಸರಲ್ಲೇ ಜಮಾ ಆಗುತ್ತಾ?

ಇಲ್ಲ. ನಮ್ಮ ಪಿಎಫ್ ಥರ ಅಲ್ಲಿ ನಿಮ್ಮದೇ ಗಂಟು ಬೆಳೆಯುವುದಿಲ್ಲ. ಸಂಬಳದ 18.6% ಪಿಂಚಣಿಗೆ ಹೋಗುತ್ತದೆ. ಅರ್ಧ ನಿಮ್ಮದು, ಅರ್ಧ ಕಂಪನಿಯದು. 4,000 ಯೂರೋ ಸಂಬಳಕ್ಕೆ ತಲಾ 372 ಯೂರೋ. ಆ ಹಣ ಹೆಚ್ಚುಕಡಿಮೆ ಬಂದ ಹಾಗೇ ಇವತ್ತಿನ ಹಿರಿಯರ ಪಿಂಚಣಿಗೆ ಖರ್ಚಾಗುತ್ತದೆ.

ನಿಮ್ಮ ಖಾತೆಯಲ್ಲಿ ಉಳಿಯುವುದು ಅಂಕ ಮಾತ್ರ. ದೇಶದ ಸರಾಸರಿ ಸಂಬಳ ಒಂದು ವರ್ಷ ದುಡಿದರೆ ಒಂದು ಅಂಕ. ಈಗ ಒಂದು ಅಂಕಕ್ಕೆ ತಿಂಗಳಿಗೆ ಸುಮಾರು 40 ಯೂರೋ ಪಿಂಚಣಿ. ಅಂದರೆ 30 ಅಂಕಕ್ಕೆ 1,200. ನಿಮ್ಮ ಕಾಲಕ್ಕೆ ಅಂಕದ ಬೆಲೆ ಎಷ್ಟಿರುತ್ತದೆ? ಅದನ್ನು ಆಗ ದುಡಿಯುವವರ ಸಂಬಳ ಮತ್ತು ಸಂಖ್ಯೆ ನೋಡಿ ಕಾನೂನು ಲೆಕ್ಕ ಹಾಕುತ್ತದೆ. ಇದನ್ನೇ ಅಲ್ಲಿ ‘ತಲೆಮಾರುಗಳ ಒಪ್ಪಂದ’ ಅನ್ನುತ್ತಾರೆ. ಸಹಿ ಮಾಡಿದವರು ಯಾರೂ ಇಲ್ಲ!

1957ರಲ್ಲಿ ಜಾರಿಗೆ ಬಂದ ಈ ಪದ್ಧತಿಗೆ ದಾರಿ ತೋರಿದ ಅರ್ಥಶಾಸ್ತ್ರಜ್ಞ ವಿಲ್‌ಫ್ರಿಡ್ ಶ್ರೈಬರ್, ಮಕ್ಕಳನ್ನು ಬೆಳೆಸುವ ಖರ್ಚಿಗೂ ಇಂಥದ್ದೇ ನೆರವು ಬೇಕೆಂದಿದ್ದರು. ಸರ್ಕಾರ ಆ ಅರ್ಧವನ್ನು ಸುಮ್ನೆ ಬಿಟ್ಟಿತು. ಈಗ ಮಕ್ಕಳು ಕಡಿಮೆ, ಹಿರಿಯರು ಜಾಸ್ತಿ. ಅದಕ್ಕೇ 1964 ಮತ್ತು ಆಮೇಲೆ ಹುಟ್ಟಿದವರಿಗೆ ಪಿಂಚಣಿ ವಯಸ್ಸು 67.