ಮೊದಲು ಆ 190 ರೂಪಾಯಿ ಇಸ್ಕೊಂಡು ಬನ್ನಿ

"ಮೇಡಂ, ನನಗೆ 38 ವರ್ಷ. ಹರಿಹರದ ಹತ್ತಿರ ಒಂದು ಹಳ್ಳಿ. ಓದಿದ್ದು ಐದನೇ ಕ್ಲಾಸು. ಅಕ್ಷರ ಕೂಡಿಸಿ ಕೂಡಿಸಿ ಓದುತ್ತೇನೆ, ಒಂದು ಪುಟಕ್ಕೆ ಅರ್ಧ ಗಂಟೆ ಬೇಕು. ಲೆಕ್ಕ, ಅಂಕಿ ಬರುತ್ತೆ. ಮಾತು ಚೆನ್ನಾಗಿ ಆಡ್ತೀಯ ಅಂತ ಎಲ್ಲರೂ ಹೇಳ್ತಾರೆ. ಯಜಮಾನರ ಸಂಪಾದನೆ ಸಾಲುತ್ತಿಲ್ಲ, ನಾನೂ ದುಡಿಯಬೇಕು. ಇನ್ಶೂರೆನ್ಸ್ ಏಜೆಂಟ್ ಆಗಬಹುದಾ? ಓರಗಿತ್ತಿ ತಮ್ಮ ಒಂದು ಕಂಪನಿಗೆ ಸೇರಿ ಅಂತಾನೆ. 15,000 ಕಟ್ಟಿದರೆ ಸಾಮಾನು ಕೊಡ್ತಾರಂತೆ, ಮೂರು ಜನರನ್ನು ಸೇರಿಸಿದರೆ ಕಮಿಷನ್ ಅಂತೆ. ಹೋದ ತಿಂಗಳು ದಾವಣಗೆರೆಗೆ ಹೋಗಿದ್ದೆ. ಓಣಿಯವರು ಹೇಳಿದ್ರು ಅಂತ 12 ನೈಟಿ ತಂದು, ತಂದ ರೇಟಿಗೇ, 190ಕ್ಕೆ ಕೊಟ್ಟೆ. ಎರಡು ದಿನಕ್ಕೆ ಖಾಲಿ. ಇಬ್ಬರು ಇನ್ನೂ ದುಡ್ಡು ಕೊಟ್ಟಿಲ್ಲ. ಅದರಲ್ಲಿ ಒಬ್ಬರು ಟೀಚರು, ಓದಿದವರನ್ನ ಹೇಗೆ ಕೇಳೋದು ಅಂತ ಬಿಟ್ಟಿದ್ದೀನಿ. ಅದೇನು ದೊಡ್ಡ ವಿಷಯ ಅಲ್ಲ. ನನಗೆ ಯಾವ ಕೆಲಸ ಆಗುತ್ತೆ ಹೇಳಿ."
— ಗೃಹಿಣಿ, ದಾವಣಗೆರೆ ಜಿಲ್ಲೆ

ತಂಗೀ, ನಿಮ್ಮ ಪತ್ರ ಓದಿ ನನಗೆ ಎರಡು ದಿನ ಬೇರೆ ಕೆಲಸಕ್ಕೆ ಮನಸ್ಸು ಹೋಗಲಿಲ್ಲ. ದೊಡ್ಡ ವಿಷಯ ಅಲ್ಲ ಅಂತ ಬರೆದಿರಲ್ಲ, ಇಡೀ ಪತ್ರದಲ್ಲಿ ಅದೇ ದೊಡ್ಡ ವಿಷಯ. ಯಾವ ಕೆಲಸ ಆಗುತ್ತೆ ಅಂತ ನೀವು ಕೇಳುತ್ತಿದ್ದೀರಿ. ಆದರೆ ಆ ಕೆಲಸವನ್ನು ಹೋದ ತಿಂಗಳೇ ಮಾಡಿ ಮುಗಿಸಿದ್ದೀರಿ, ಕೂಲಿ ಮಾತ್ರ ತಗೊಂಡಿಲ್ಲ.

ಮೊದಲು ಬೇರೆ ಎರಡನ್ನು ಬೇಗ ಮುಗಿಸಿಬಿಡೋಣ. ಇನ್ಶೂರೆನ್ಸ್ ಏಜೆಂಟ್ ಆಗಲು 10ನೇ ತರಗತಿ ಪಾಸಾಗಿರಬೇಕು, ಆಮೇಲೆ ಒಂದು ಪರೀಕ್ಷೆಯನ್ನೂ ಬರೆಯಬೇಕು. ಸದ್ಯಕ್ಕೆ ಅದು ಆಗಲ್ಲ.

ಇನ್ನು ಓರಗಿತ್ತಿಯ ತಮ್ಮ. ಈ ಹುಡುಗನ ಮೇಲೆ ನನಗೆ ನಿಜವಾಗಿಯೂ ಸಿಟ್ಟು ಬಂತು. ನೇರ ಮಾರಾಟದ ಕಂಪನಿಗಳಿಗೆ ಕೇಂದ್ರ ಸರ್ಕಾರ 2021ರಲ್ಲಿ ನಿಯಮ ತಂದಿದೆ. ಸೇರುವುದಕ್ಕೆ ಅಂತ ಯಾರಿಂದಲೂ ಶುಲ್ಕ ವಸೂಲಿ ಮಾಡುವ ಹಾಗಿಲ್ಲ. ಜನರನ್ನು ಸೇರಿಸಿದ್ದಕ್ಕೇ ಕಮಿಷನ್ ಕೊಡುವ ಪಿರಮಿಡ್ ವ್ಯವಹಾರವೂ ನಿಷಿದ್ಧ. 15,000 ತಗೊಂಡು ಸಾಮಾನು ಕೈಗಿಡುವುದು ಆ ಶುಲ್ಕವನ್ನೇ ಮುಚ್ಚಿಡುವ ದಾರಿ. ಅವನಿಗೆ ಬೇಕಿರುವುದು ನಿಮ್ಮ ಮಾತು. ನಿಮ್ಮ ಮಾತು ನಂಬಿ ಮೂರು ಜನ ತಲಾ 15,000 ಕಟ್ಟುತ್ತಾರೆ. ಆ ಮೂವರು ಯಾರು? ನಿಮ್ಮ ಹತ್ತಿರ ನೈಟಿ ತಗೊಂಡ ಇದೇ ಓಣಿಯ ಹೆಂಗಸರು. ಅವರ ದುಡ್ಡು ಮುಳುಗಿದ ದಿನ ನಿಮ್ಮ ಹತ್ತಿರ ಒಂದು ಕರ್ಚೀಫನ್ನೂ ಯಾರೂ ಕೊಳ್ಳಲ್ಲ. ಬೇಡ ಅಂತ ಹೇಳಿಬಿಡಿ. ಕಾರಣ ಹೇಳಬೇಕಿಲ್ಲ.

ಈಗ ನೈಟಿಗೆ ಬರೋಣ. ಎರಡು ದಿನದಲ್ಲಿ 12 ನೈಟಿ ಖಾಲಿಯಾಗಿದ್ದು ಬೆಲೆ ಕಮ್ಮಿ ಅಂತ ಮಾತ್ರ ಅಲ್ಲ. ಯಾರಿಗೆ ಯಾವ ಬಣ್ಣ ಇಷ್ಟ, ಯಾರಿಗೆ ಎಷ್ಟು ಉದ್ದ ಬೇಕು, ಯಾರ ಮನೆಯಲ್ಲಿ ಬಾಣಂತಿ ಇದ್ದಾಳೆ, ಇದೆಲ್ಲ ನಿಮಗೆ ಗೊತ್ತು. ಪೇಟೆಯ ಅಂಗಡಿಯವನಿಗೆ ಅದು ಗೊತ್ತಿಲ್ಲ. ಅದಕ್ಕೆ ಒಂದು ನೈಟಿಗೆ 70 ರೂಪಾಯಿ ಇಟ್ಟುಕೊಳ್ಳಿ. 190ಕ್ಕೆ ತಂದು 260ಕ್ಕೆ ಕೊಡಿ. ಪೇಟೆಯಲ್ಲಿ ಒಂದೇ ಒಂದು ಕೊಂಡರೆ ಎಷ್ಟು ಹೇಳ್ತಾರೆ ಅಂತ ಎರಡು ಅಂಗಡಿಯಲ್ಲಿ ಕೇಳಿ ನೋಡಿ. ನಿಮ್ಮ ರೇಟು ಅದಕ್ಕಿಂತ ಹತ್ತಿಪ್ಪತ್ತು ಕಮ್ಮಿಯೇ ಇರಲಿ. 12 ನೈಟಿಗೆ ಹಾಕುವ ದುಡ್ಡು 2,280, ಬರುವುದು 3,120. ಉಳಿಯುವುದು 840.

ಇದರಲ್ಲಿ ಒಬ್ಬರು ದುಡ್ಡು ಕೊಡಲಿಲ್ಲ ಅಂತಿಟ್ಟುಕೊಳ್ಳಿ. ನಿಮ್ಮ ಕೈಯಿಂದ ಹೋಗುವ ಅಸಲು 190. ಅದನ್ನು ತುಂಬಿಸಲು ಸುಮಾರು ಮೂರು ನೈಟಿಯ ಲಾಭ ಬೇಕು. ಇಬ್ಬರು ಕೊಡದಿದ್ದರೆ, ಇನ್ನೊಂದು ಮಾರದೆ ಪೆಟ್ಟಿಗೆಯಲ್ಲಿ ಉಳಿದರೆ, 840ರಲ್ಲಿ ಕೈಗೆ ಬರುವುದು ಬರೀ 60. ಹಳ್ಳಿಯಲ್ಲಿ ಮನೆಯಿಂದ ಬಟ್ಟೆ ಮಾರುವ ಹೆಂಗಸರು ಆರು ತಿಂಗಳಿಗೆ ಕೈಬಿಡುವುದು ಗಿರಾಕಿ ಇಲ್ಲದೆ ಅಲ್ಲ. ಉದ್ರಿಯಿಂದ. ಈ ಅಂಕಣದಲ್ಲಿ ನಾನು ಇದನ್ನು ಎಷ್ಟು ಸಲ ಬರೆದಿದ್ದೇನೋ, ಇನ್ನೂ ಬರೆಯುತ್ತೇನೆ.

ಉದ್ರಿಯೇ ಇಲ್ಲ ಅಂತ ಬೋರ್ಡ್ ಹಾಕಿದರೆ ಹಳ್ಳಿಯಲ್ಲಿ ನಡೆಯಲ್ಲ, ಅದೂ ನನಗೆ ಗೊತ್ತು. ಅದಕ್ಕೆ ಉಪಾಯ, ತರುವ ಮೊದಲೇ ದುಡ್ಡು ಕೇಳುವುದು. "ಸೋಮವಾರ ದಾವಣಗೆರೆಗೆ ಹೋಗ್ತೀನಿ, ಯಾರಿಗೆ ಬೇಕು? ಈಗ ನೂರು ಕೊಡಿ, ತಂದ ಮೇಲೆ ನೂರಾ ಅರವತ್ತು." ಇಷ್ಟೇ ಮಾತು. ನೂರು ಕೊಟ್ಟವರು ಬಟ್ಟೆ ಬಿಡಲ್ಲ. ಹನ್ನೆರಡು ಜನ ನೂರು ಕೊಟ್ಟರೆ 1,200 ಆಯಿತು. ನೀವು ಹಾಕಬೇಕಾದ್ದು 1,080 ಮಾತ್ರ. ಗೃಹಲಕ್ಷ್ಮಿಯ 2,000 ನಿಮಗೆ ಬರುತ್ತಿದ್ದರೆ ಅದರಲ್ಲೇ ಆಗಿಹೋಗುತ್ತೆ. ಸಂಘದಲ್ಲಿ ಸಾಲ ಎತ್ತಬೇಡಿ, ಬಡ್ಡಿ ಕಟ್ಟುವಷ್ಟು ದೊಡ್ಡ ವ್ಯಾಪಾರ ಇದಲ್ಲ. ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ, ಹಾಗಾಗಿ ಹೋಗಿಬರುವ ಖರ್ಚೂ ಲಾಭವನ್ನು ತಿನ್ನಲ್ಲ. ಖಾಸಗಿ ಬಸ್ ಹತ್ತಿದರೆ ಮಾತ್ರ ಆ ದುಡ್ಡನ್ನು ಲೆಕ್ಕಕ್ಕೆ ಹಿಡಿಯಿರಿ.

ಅಂಗಡಿಯಲ್ಲಿ ಅವಸರ ಮಾಡಬೇಡಿ. ನೈಟಿಯನ್ನು ಬಿಚ್ಚಿ ನೋಡಿ. ಕಂಕುಳ ಹತ್ತಿರದ ಹೊಲಿಗೆಯನ್ನು ಎರಡೂ ಕಡೆ ಹಿಡಿದು ಮೆಲ್ಲಗೆ ಎಳೆಯಿರಿ. ಹೊಲಿಗೆ ಬಾಯಿ ಬಿಟ್ಟು ದಾರ ಕಂಡರೆ ಅದು ಒಂದು ತಿಂಗಳ ಬಟ್ಟೆ. ಒಂದು ಬಿಳಿ ಕರ್ಚೀಫ್ ಒದ್ದೆ ಮಾಡಿಕೊಂಡು ಹೋಗಿ, ಒಳಮಡಿಕೆಯ ಮೇಲೆ ಗಟ್ಟಿಯಾಗಿ ಉಜ್ಜಿ. ಕೆಂಪು, ಕಡುನೀಲಿ, ಮರೂನ್ ಬಣ್ಣಗಳನ್ನು ಹೀಗೆ ನೋಡದೆ ತರಲೇಬೇಡಿ. ಒಬ್ಬರ ಮನೆಯಲ್ಲಿ ಬಣ್ಣ ಬಿಟ್ಟು ಬಿಳಿ ಪಂಚೆ ಕೆಂಪಾದರೆ ಮರುದಿನ ಬೋರ್‌ವೆಲ್ ಹತ್ತಿರ ಅದೇ ಸುದ್ದಿ. ಕಾಟನ್ ಬಟ್ಟೆ ಮೊದಲ ಒಗೆತಕ್ಕೆ ಸ್ವಲ್ಪ ಕುಗ್ಗುತ್ತೆ. ಅದಕ್ಕೆ ಉದ್ದವನ್ನು ಒಂದೆರಡು ಇಂಚು ಜಾಸ್ತಿಯೇ ನೋಡಿ ತನ್ನಿ. ಬಾಣಂತಿಗೆ ಮುಂದೆ ಜಿಪ್ ಇರುವುದು. ಜೇಬು ಇರುವ ನೈಟಿ ಸಿಕ್ಕರೆ ಬಿಡಬೇಡಿ. ಮೊಬೈಲು, ಬೀಗದ ಕೈ ಇಟ್ಟುಕೊಳ್ಳಲು ಎಲ್ಲರಿಗೂ ಜೇಬು ಬೇಕು.

ದುಡ್ಡು ಕೊಡುವ ಮುಂಚೆ ಅಂಗಡಿಯವರಿಗೆ ಒಂದು ಮಾತು ಕೇಳಿ: "ಅಣ್ಣಾ, ಸೈಜು ಆಗದೆ ಉಳಿದದ್ದನ್ನ ಹದಿನೈದು ದಿನದೊಳಗೆ ತಂದ್ರೆ ಬದಲಿ ಕೊಡ್ತೀರಾ?" ದುಡ್ಡು ವಾಪಸ್ ಕೊಡಲ್ಲ, ಬೇರೆ ಮಾಲು ಕೊಟ್ಟರೆ ಸಾಕು. ಒಪ್ಪಿದರೆ ಬಿಲ್ಲಿನ ಹಿಂದೆ ಅವರ ಕೈಯಲ್ಲೇ ಬರೆಸಿಕೊಳ್ಳಿ. ಒಪ್ಪದಿದ್ದರೆ ಪಕ್ಕದ ಅಂಗಡಿ ಇದೆ. ಸುಮ್ನೆ ಬಂಡಲ್ ಹೊತ್ತು ತಂದವರ ಮನೆಯಲ್ಲಿ ಯಾರಿಗೂ ಆಗದ ಸೈಜುಗಳು ವರ್ಷಗಟ್ಟಲೆ ಕೂತಿರುತ್ತವೆ. ನಿಮ್ಮ ಮಾತು ಅತಿ ಹೆಚ್ಚು ದುಡಿಯುವುದು ಗಿರಾಕಿ ಮುಂದಲ್ಲ, ಈ ಅಂಗಡಿ ಕಟ್ಟೆಯ ಮೇಲೆ.

ಓದು ನಿಧಾನ ಅಂದಿರಿ. ಈ ವ್ಯಾಪಾರದಲ್ಲಿ ಓದಬೇಕಾದ್ದು ಬಹಳ ಕಮ್ಮಿ, ಆದರೆ ಬರೆದಿಡುವುದು ತಪ್ಪಬಾರದು. ಒಂದು 100 ಪುಟದ ನೋಟ್ ಬುಕ್ ತಗೊಳ್ಳಿ. ಒಂದು ಮನೆಗೆ ಒಂದು ಪುಟ. ಮೇಲೆ ಹೆಸರು ಬರೆಯಿರಿ, ಇಲ್ಲವೇ ನಿಮಗೆ ಗೊತ್ತಾಗುವ ಗುರುತು ಹಾಕಿ. ಬೇವಿನಮರದ ಮನೆಗೆ ಒಂದು ಮರ, ಹಿಟ್ಟಿನ ಗಿರಣಿ ಮನೆಗೆ ಒಂದು ಚಕ್ರ. ಕೆಳಗೆ ಮೂರೇ ಅಂಕಿ: ಒಟ್ಟು ಎಷ್ಟು, ಬಂದದ್ದೆಷ್ಟು, ಉಳಿದದ್ದೆಷ್ಟು. 260, 100, 160. ಉಳಿದದ್ದು ಕೈಗೆ ಬಂದ ಕೂಡಲೇ ಅವರೆದುರೇ ಆ ಅಂಕಿಗೆ ಅಡ್ಡ ಗೆರೆ ಎಳೆಯಿರಿ. ಮನೆಯಲ್ಲಿ ಓದುವ ಮಕ್ಕಳಿದ್ದರೂ ಇದನ್ನು ಅವರ ಕೈಯಲ್ಲಿ ಬರೆಸಬೇಡಿ. ಅವರು ಸ್ಕೂಲಿಗೆ ಹೋದ ಹೊತ್ತಿನಲ್ಲೇ ಗಿರಾಕಿ ಬರುವುದು, ಸಂಜೆಗೆ ಮರೆತಿರುತ್ತೀರಿ. ಬಣ್ಣ, ಸೈಜು ಹೇಳಲು ವಾಟ್ಸಾಪಿನಲ್ಲಿ ಟೈಪ್ ಮಾಡುತ್ತ ಕೂರಬೇಡಿ. ಮೈಕ್ ಗುರುತು ಒತ್ತಿ ಮಾತಾಡಿ ಕಳಿಸಿ, ಅವರಿಗೂ ಮಾತಲ್ಲೇ ಉತ್ತರ ಕೊಡಲು ಹೇಳಿ.

ಫೋನಿನಲ್ಲಿ ದುಡ್ಡು ಹಾಕುವವರೂ ಇರುತ್ತಾರೆ. ಹಾಕಿದ್ದೇನೆ ಅಂತ ಅವರು ತೋರಿಸುವ ಫೋಟೋ ನಂಬಬೇಡಿ. ನಿಮ್ಮ ಫೋನಿನಲ್ಲಿ, ನಿಮ್ಮ ಖಾತೆಗೆ ಬಂದ ಅಂಕಿ ನೋಡಿದ ಮೇಲೆಯೇ ನೈಟಿ ಕೊಡಿ. ಇನ್ನೊಂದು ವಿಷಯ ನೆನಪಿರಲಿ, ದುಡ್ಡು ಬರಲು ನೀವು ಪಿನ್ ಒತ್ತಬೇಕಾಗಿಲ್ಲ. ಪಿನ್ ಒತ್ತಿ ಅಂತ ಯಾರಾದರೂ ಹೇಳಿದರೆ ಅದು ನಿಮ್ಮ ದುಡ್ಡು ಹೋಗುವ ದಾರಿ.

ಎಷ್ಟು ಬರಬಹುದು? ತಿಂಗಳಿಗೆ ಎರಡು ಸಲ, ಸಲಕ್ಕೆ 12 ಅಂದರೆ 1,680. ಇದರಿಂದ ಮನೆ ನಡೆಯಲ್ಲ. ಒಂದು ಓಣಿಯಲ್ಲಿ ಇರುವುದೇ ಅಷ್ಟು ಮನೆ, ಒಮ್ಮೆ ನೈಟಿ ಕೊಂಡವರು ಮುಂದಿನ ತಿಂಗಳೇ ಇನ್ನೊಂದು ಕೊಳ್ಳಲ್ಲ. ಮೂರು ನಾಲ್ಕು ಸಲಕ್ಕೆ ಗಿರಾಕಿ ಕಮ್ಮಿಯಾಗುತ್ತೆ. ಆಗ ಗಾಬರಿಯಾಗಿ ಸೀರೆಗೆ ಕೈ ಹಾಕಬೇಡಿ. ಸೀರೆಗೆ ದುಡ್ಡು ಜಾಸ್ತಿ ಬೇಕು, ಉಳಿದರೆ ಪೆಟ್ಟೂ ಜಾಸ್ತಿ. ಒಳಲಂಗ, ಟವೆಲು, ಲೆಗ್ಗಿಂಗ್ಸ್ ತನ್ನಿ. ಅದೇ ನೂರು ಮುಂಗಡದ ಮಾತನ್ನು ಸಂಘದ ಸಭೆಯಲ್ಲಿ ಆಡಿ, ತವರಿನ ಓಣಿಯಲ್ಲಿ ಆಡಿ. ಹಬ್ಬದ ಮುಂಚಿನ ತಿಂಗಳು ಎರಡರಷ್ಟು ಆರ್ಡರ್ ಹಿಡಿಯಿರಿ.

ಕೊನೆಗೆ ಆ ಟೀಚರ್. ಅವರ ಮೇಲೆ ನನಗೆ ಆ ಹುಡುಗನಿಗಿಂತ ಜಾಸ್ತಿ ಬೇಸರ. ತಿಂಗಳ ಸಂಬಳ ಬರುವವರು, ನಿಮ್ಮ ಮನೆಯ ಪರಿಸ್ಥಿತಿ ಗೊತ್ತಿರುವವರು, ಒಂದು ತಿಂಗಳು ನಿಮ್ಮ 190 ಇಟ್ಟುಕೊಂಡಿದ್ದಾರೆ. ಮರೆತಿರಬಹುದು, ಇರಲಿ. ಮರೆತವರಿಗೆ ನೆನಪಿಸಿದರೆ ಅವಮಾನ ಆಗಲ್ಲ. ಓದಿದವರು ಅಂತ ನೀವು ಹಿಂಜರಿದಿರಿ ನೋಡಿ, ನನ್ನನ್ನು ಕಾಡಿದ್ದು ಆ ಸಾಲು. ಟೀಚರ್ ಎದುರು ಬಾಯಿ ಕಟ್ಟಿದರೆ ನಾಳೆ ಪಂಚಾಯ್ತಿ ಮೆಂಬರ್ ಹೆಂಡತಿ ಎದುರೂ ಬಾಯಿ ಕಟ್ಟುತ್ತೆ, ಆಮೇಲೆ ನಿಮ್ಮ ನೋಟ್ ಬುಕ್ಕಿನಲ್ಲಿ ಅಡ್ಡ ಗೆರೆ ಇಲ್ಲದ ಪುಟಗಳೇ ತುಂಬುತ್ತವೆ.

ಹಾಗಾಗಿ ಈಗಲೇ ಆರ್ಡರ್ ಹಿಡಿಯಬೇಡಿ, ನೋಟ್ ಬುಕ್ ತರಬೇಡಿ, ದಾವಣಗೆರೆ ಬಸ್ ಹತ್ತಬೇಡಿ. ನಾಳೆ ಸಂಜೆ ಅವರು ಸ್ಕೂಲಿಂದ ಬಂದು ಕಾಫಿ ಕುಡಿದ ಮೇಲೆ ಹೋಗಿ. ಬಾಗಿಲಲ್ಲಿ ನಿಂತು ಬೇರೆ ಮಾತು ಶುರು ಮಾಡಬೇಡಿ, ಮಾಡಿದರೆ ಅದರಲ್ಲೇ ಮುಗಿದುಹೋಗುತ್ತೆ. "ಟೀಚರ್, ಆ ನೈಟಿದು ನೂರಾ ತೊಂಬತ್ತು ಬರಬೇಕಿತ್ತು. ಸೋಮವಾರ ಮತ್ತೆ ಮಾಲು ತರೋಕೆ ಹೋಗ್ತಿದ್ದೀನಿ" ಅನ್ನಿ. ಅಷ್ಟು ಹೇಳಿ ಸುಮ್ಮನೆ ನಿಲ್ಲಿ. ಅವರು ಒಳಗೆ ಹೋಗಿ ಪರ್ಸ್ ತರುವವರೆಗೂ ನಿಲ್ಲಿ.