ಟ್ಯಾಲಿ, ವೆಬ್‌ಸೈಟ್ ಸ್ಟಾಕ್ ತಾಳೆಯಾಗಬೇಕಾದರೆ: ಮೊದಲು ಆರ್ಡರ್ ಒಳಗೆ, ಆಮೇಲೆ ಸಂಖ್ಯೆ ಹೊರಗೆ

> "ಅಂಗಡಿಲಿ ಟ್ಯಾಲಿ ಪ್ರೈಮ್ ಇದೆ, ವೆಬ್‌ಸೈಟ್ ವೂಕಾಮರ್ಸ್. ಎರಡನ್ನೂ ಜೋಡಿಸೋ ಕನೆಕ್ಟರ್ ಹಾಕಿಸಿದೀವಿ. ಆದ್ರೂ ಕಾಳುಮೆಣಸಿನ ಪ್ಯಾಕೆಟ್ ಖಾಲಿ ಆದ್ಮೇಲೂ ವೆಬ್‌ಸೈಟಲ್ಲಿ ಆರ್ಡರ್ ಬೀಳ್ತಾ ಇದೆ. ಎಲ್ಲಿ ತಪ್ತಿದೆ?"

ಅಕ್ಕಾ, ಕನೆಕ್ಟರ್ ಕೆಟ್ಟಿರಲಿಕ್ಕಿಲ್ಲ. ಅದು ಕೆಲಸ ಮಾಡುವ ಕ್ರಮ ತಪ್ಪಿರಬೇಕು. ಹೆಚ್ಚಿನ ಕಡೆ ಹೀಗೇ ಆಗುತ್ತದೆ: ಟ್ಯಾಲಿಯಲ್ಲಿರುವ ಸ್ಟಾಕ್ ಸಂಖ್ಯೆಯನ್ನು ಎತ್ತಿ ವೆಬ್‌ಸೈಟಿಗೆ ಹಾಕುತ್ತದೆ, ಆದರೆ ವೆಬ್‌ಸೈಟಿನ ಆರ್ಡರ್ ಟ್ಯಾಲಿಗೆ ಬಂದಿದೆಯಾ ಇಲ್ಲವಾ ಅಂತ ನೋಡುವುದೇ ಇಲ್ಲ.

ನಿಮ್ಮ ಮೆಣಸನ್ನೇ ತೆಗೆದುಕೊಳ್ಳೋಣ. ಬೆಳಿಗ್ಗೆ 250 ಗ್ರಾಂ ಪ್ಯಾಕೆಟ್ 20 ಇವೆ, ಎರಡೂ ಕಡೆ 20 ಅಂತಲೇ ಇದೆ. ಹನ್ನೊಂದು ಗಂಟೆಗೆ ವೆಬ್‌ಸೈಟಲ್ಲಿ 3 ಹೋಯಿತು. ವೂಕಾಮರ್ಸ್ ತಾನೇ ಕಳೆದುಕೊಂಡು 17 ಮಾಡುತ್ತದೆ, ಟ್ಯಾಲಿಗೆ ಇನ್ನೂ ಗೊತ್ತಿಲ್ಲ. ಅಷ್ಟರಲ್ಲಿ ಕೌಂಟರಲ್ಲಿ 4 ಬಿಲ್ ಆಯಿತು, ಟ್ಯಾಲಿ 16. ಹನ್ನೊಂದೂವರೆಗೆ ಕನೆಕ್ಟರ್ ಎದ್ದು ಆ 16 ಅನ್ನು ವೆಬ್‌ಸೈಟಿಗೆ ಹಾಕಿತು. ನಿಜಕ್ಕೂ ಮಾರಲು ಉಳಿದಿದ್ದು 13. ಆಗಲೇ ಮಾರಿಹೋದ 3 ಪ್ಯಾಕೆಟ್ ಮತ್ತೆ ಮಾರಾಟಕ್ಕೆ ಬಂದವು.

ಇದೇ ಪ್ರಶ್ನೆಗೆ ಸಾಗರದ ಅಣ್ಣ ಒಬ್ಬರು, ಕನೆಕ್ಟರ್ ಅರ್ಧ ಗಂಟೆ ಬದಲು ಐದು ನಿಮಿಷಕ್ಕೊಮ್ಮೆ ಓಡಲಿ ಅಂದಿದ್ದಾರೆ. ಅರ್ಧ ಸರಿ. ಕೌಂಟರಲ್ಲಿ ಮಾರಿದ್ದು ವೆಬ್‌ಸೈಟಿಗೆ ಬೇಗ ಗೊತ್ತಾಗುತ್ತದೆ, ಅದು ಒಳ್ಳೆಯದೇ. ಆದರೆ ಮೇಲಿನ ತಪ್ಪು ಹಾಗೇ ಉಳಿಯುತ್ತದೆ, ಅರ್ಧ ಗಂಟೆಗೆ ಆಗುತ್ತಿದ್ದುದು ಐದು ನಿಮಿಷಕ್ಕೇ ಆಗುತ್ತದೆ ಅಷ್ಟೆ.

ಸರಿಯಾದ ಕ್ರಮ ಹೀಗೆ. ಪ್ರತಿ ಸಲವೂ ಮೊದಲು ವೆಬ್‌ಸೈಟಿನ ಹೊಸ ಆರ್ಡರ್‌ಗಳು ಟ್ಯಾಲಿಗೆ ಬರಬೇಕು. ಅವು ಬಂದು ಕೂತ ಮೇಲೆಯೇ ಸಂಖ್ಯೆ ಹೊರಗೆ ಹೋಗಬೇಕು. ಆರ್ಡರ್ ತರುವ ಕೆಲಸ ಫೇಲ್ ಆದರೆ, ಆ ಸಲ ಸಂಖ್ಯೆ ಕಳಿಸುವುದನ್ನೂ ನಿಲ್ಲಿಸಬೇಕು. ಇದನ್ನು ಕನೆಕ್ಟರ್‌ನವರ ಹತ್ತಿರ ಬಾಯಿ ಬಿಟ್ಟು ಕೇಳಿ, ಎಷ್ಟೋ ಜನ ಎರಡನ್ನೂ ಬೇರೆ ಬೇರೆ ಟೈಮರ್‌ಗೆ ಹಾಕಿ ಬಿಟ್ಟಿರುತ್ತಾರೆ. ವೂಕಾಮರ್ಸ್‌ನಲ್ಲಿ Processing ಮತ್ತು On hold ಆರ್ಡರ್‌ಗಳನ್ನು ತಂದರೆ ಸಾಕು. ಕ್ಯಾಶ್ ಆನ್ ಡೆಲಿವರಿ ಆರ್ಡರ್ ನೇರವಾಗಿ Processing ಆಗುತ್ತದೆ. ದುಡ್ಡು ಕಟ್ಟದೆ ಬಿಟ್ಟುಹೋದವು Pending payment ನಲ್ಲಿರುತ್ತವೆ, ಅವನ್ನು ಟ್ಯಾಲಿಗೆ ತರಬೇಡಿ. ತಂದ ಪ್ರತಿ ಆರ್ಡರಿನ ವೆಬ್‌ಸೈಟ್ ನಂಬರ್ ಟ್ಯಾಲಿ ವೋಚರಲ್ಲಿ ಬರೆದಿರಬೇಕು. ಇಲ್ಲದಿದ್ದರೆ ನೆಟ್ ಕಟ್ಟಾಗಿ ಬಂದಾಗ ಅದೇ ಆರ್ಡರ್ ಎರಡು ಸಲ ಕೂರುತ್ತದೆ.

ಈಗ ಎಲ್ಲರೂ ಎಡವುವ ಜಾಗ. ಕನೆಕ್ಟರ್ ಟ್ಯಾಲಿಯಲ್ಲಿ ಸಾಮಾನ್ಯವಾಗಿ Sales Order ಮಾಡುತ್ತದೆ. ಟ್ಯಾಲಿಯಲ್ಲಿ ಸೇಲ್ಸ್ ಆರ್ಡರ್ ಮಾಡಿದರೆ ಸ್ಟಾಕ್ ಕಡಿಮೆಯಾಗುವುದಿಲ್ಲ! ಡೆಲಿವರಿ ನೋಟ್ ಅಥವಾ ಬಿಲ್ ಆದಾಗ ಮಾತ್ರ ಇಳಿಯುತ್ತದೆ. ಹಾಗಾಗಿ ಆರ್ಡರ್ ಸರಿಯಾಗಿ ಬಂದಿದ್ದರೂ Closing Stock 16 ಅಂತಲೇ ಇರುತ್ತದೆ, ಅದನ್ನೇ ಕಳಿಸಿದರೆ ಮತ್ತೆ ಅದೇ ಕಥೆ. ಕಳಿಸಬೇಕಾದ ಲೆಕ್ಕ ಇದು:

```
ವೆಬ್‌ಸೈಟಿಗೆ = ಕ್ಲೋಸಿಂಗ್ ಸ್ಟಾಕ್ - ಬಾಕಿ ಸೇಲ್ಸ್ ಆರ್ಡರ್ - ಮೀಸಲು
            = 16 - 3 - 2 = 11
```

ಸೊನ್ನೆಗಿಂತ ಕೆಳಗೆ ಬಂದರೆ ಸೊನ್ನೆ ಅಂತಲೇ ಹೋಗಬೇಕು. ಟ್ಯಾಲಿಯಲ್ಲಿ Reorder Status ರಿಪೋರ್ಟ್ ತೆಗೆದರೆ ಸ್ಟಾಕೂ ಬಾಕಿ ಆರ್ಡರೂ ಪಕ್ಕಪಕ್ಕ ಕಾಣುತ್ತವೆ, ಕಣ್ಣಾರೆ ನೋಡಿಕೊಳ್ಳಬಹುದು. ಈ 2 ಪ್ಯಾಕೆಟ್ ಮೀಸಲು ಯಾಕೆ ಅಂದರೆ, ಕೌಂಟರಲ್ಲಿ ಗಿರಾಕಿ ಜಾಸ್ತಿ ಇದ್ದಾಗ ಕೆಲವು ಪ್ಯಾಕೆಟ್ ಬಿಲ್ ಇಲ್ಲದೆ ಹೋಗಿ ಸಂಜೆ ಬಿಲ್ ಆಗುತ್ತವೆ ಅಲ್ವಾ, ಅದಕ್ಕೆ. ಬಿಲ್ ಆಗದ್ದು ಯಾವ ಸಾಫ್ಟ್‌ವೇರಿಗೂ ಗೊತ್ತಾಗಲ್ಲ. ಬೇಗ ಓಡುವ ಮಾಲಿಗೆ ಮೀಸಲು ಜಾಸ್ತಿ ಇಡಿ, ತಿಂಗಳಿಗೊಂದು ಹೋಗುವುದಕ್ಕೆ ಬೇಡ.

ಪಾರ್ಸೆಲ್ ಬಿಲ್ ಮಾಡುವಾಗ Order No. ಆರಿಸುವುದು ಮರೆಯಬೇಡಿ. ಆರಿಸಿದರೆ ಸ್ಟಾಕ್ 13, ಬಾಕಿ 0, ಲೆಕ್ಕ ಬದಲಾಗುವುದಿಲ್ಲ. ಆರಿಸದಿದ್ದರೆ ಸ್ಟಾಕ್ 13 ಆಗುತ್ತದೆ, ಬಾಕಿ 3 ಹಾಗೇ ಉಳಿದು ಅದೇ ಪ್ಯಾಕೆಟ್‌ಗಳು ಎರಡು ಸಲ ಕಳೆದುಹೋಗುತ್ತವೆ. ಅಂಗಡಿಯಲ್ಲಿ ಮಾಲಿದ್ದೂ ವೆಬ್‌ಸೈಟಲ್ಲಿ ಖಾಲಿ ಅಂತ ತೋರಿಸುವುದಕ್ಕೆ ಹೆಚ್ಚಿನ ಸಲ ಇದೇ ಕಾರಣ.

ಎಲ್ಲಿ ತಪ್ಪಿದೆ ಅಂತ ಹುಡುಕಲು ಸುಲಭದ ದಾರಿ ಇದೆ. ಸಂಜೆ ಒಂದೇ ಒಂದು ಐಟಂ ಹಿಡಿದು ಕೈಯಲ್ಲಿ ಎಣಿಸಿ, ಪ್ಯಾಕ್ ಆಗದ ಆರ್ಡರ್‌ಗಳನ್ನೂ ಮೀಸಲನ್ನೂ ಕಳೆಯಿರಿ, ವೆಬ್‌ಸೈಟಿನ ಸಂಖ್ಯೆ ಜೊತೆ ಹೋಲಿಸಿ. ವೆಬ್‌ಸೈಟಲ್ಲಿ ಜಾಸ್ತಿ ಇದ್ದು, ಆ ವ್ಯತ್ಯಾಸ ಪ್ಯಾಕ್ ಆಗದ ಆನ್‌ಲೈನ್ ಆರ್ಡರಿನಷ್ಟೇ ಇದ್ದರೆ ಆರ್ಡರ್ ಟ್ಯಾಲಿಗೆ ಬರುತ್ತಿಲ್ಲ, ಅಥವಾ ಬಂದರೂ ಕಳೆಯುತ್ತಿಲ್ಲ. ಕಡಿಮೆ ಇದ್ದರೆ ಎರಡು ಸಲ ಕಳೆಯುತ್ತಿದೆ. ಎರಡಕ್ಕೂ ಹೊಂದದ ಸಂಖ್ಯೆ ಬಂದರೆ ಬಿಲ್ ಆಗದ ಮಾರಾಟ ಇರಬೇಕು, ಇಲ್ಲವೇ ಐಟಂ ಜೋಡಣೆಯೇ ತಪ್ಪು. ಜೋಡಣೆಯನ್ನು ಹೆಸರಿನ ಮೇಲೆ ಮಾಡಿಸಬೇಡಿ. "ಕಾಳುಮೆಣಸು 250" ಅಂತ ಒಂದು ಕಡೆ, "ಕಾಳು ಮೆಣಸು 250 ಗ್ರಾಂ" ಅಂತ ಇನ್ನೊಂದು ಕಡೆ ಇದ್ದರೆ ಅದು ಬಿಟ್ಟುಬಿಡುತ್ತದೆ. PEP-250 ಥರದ ಒಂದು ಕೋಡ್ ಮಾಡಿ, ವೂಕಾಮರ್ಸ್‌ನ SKU ಜಾಗದಲ್ಲೂ ಟ್ಯಾಲಿಯ ಅಲಿಯಾಸ್ ಜಾಗದಲ್ಲೂ ಅದನ್ನೇ ಹಾಕಿ.

ವಾಪಸ್ ಬರುವ ಕ್ಯಾಶ್ ಆನ್ ಡೆಲಿವರಿ ಪಾರ್ಸೆಲ್ ಬಗ್ಗೆ ಒಂದು ಮಾತು. ವೂಕಾಮರ್ಸ್‌ನಲ್ಲಿ ಆರ್ಡರನ್ನು Cancelled ಮಾಡಿದ ತಕ್ಷಣ ಸ್ಟಾಕ್ ಏರುತ್ತದೆ. ಪಾರ್ಸೆಲ್ ಇನ್ನೂ ಕೊರಿಯರ್‌ನವರ ಹತ್ತಿರವೇ ಇರುತ್ತದೆ. ಡಬ್ಬಿ ಕೈಗೆ ಬಂದು, ಬಿಚ್ಚಿ ನೋಡಿ, ಮಾರಬಹುದು ಅನ್ನಿಸಿದ ಮೇಲೆ ಮಾತ್ರ ಅಲ್ಲಿ ಕ್ಯಾನ್ಸಲ್ ಮಾಡಿ, ಟ್ಯಾಲಿಯಲ್ಲಿ ಕ್ರೆಡಿಟ್ ನೋಟ್ ಹಾಕಿ.

ಸಾಫ್ಟ್‌ವೇರ್ ಕೆಲಸದ ತಮ್ಮ ಒಬ್ಬರು ಇಲ್ಲೇ, ಕನೆಕ್ಟರ್ ಟ್ಯಾಲಿಯನ್ನು ಮುಟ್ಟುವುದು ಪೋರ್ಟ್ 9000 ಮೂಲಕ ಅಂತ ಬರೆದಿದ್ದು ಸರಿ. ಟ್ಯಾಲಿ ಸಾಮಾನ್ಯವಾಗಿ ಆ ಪೋರ್ಟಲ್ಲೇ ಮಾತಾಡುತ್ತದೆ, ಟ್ಯಾಲಿ ತೆರೆದಿರಬೇಕು, ಕಂಪನಿ ಲೋಡ್ ಆಗಿರಬೇಕು. ಆದರೆ ತಮ್ಮಾ, ರೌಟರಲ್ಲಿ ಆ ಪೋರ್ಟನ್ನು ಹೊರಗಿನ ಇಂಟರ್ನೆಟ್‌ಗೆ ತೆರೆದಿಡಿ ಅನ್ನುವುದನ್ನು ನಾನು ಒಪ್ಪಲ್ಲ. ಇಡೀ ಲೆಕ್ಕದ ಪುಸ್ತಕ ಬೀದಿಗೆ ಬಂದ ಹಾಗೆ. ಕನೆಕ್ಟರ್ ಅದೇ ಕಂಪ್ಯೂಟರಲ್ಲಿ ಇದ್ದು, ತಾನೇ ಹೊರಗೆ ಹೋಗಿ ವೆಬ್‌ಸೈಟನ್ನು ಮುಟ್ಟಿದರೆ ಸಾಕು. ರಾತ್ರಿ ಕಂಪ್ಯೂಟರ್ ಆಫ್ ಇದ್ದರೂ ತೊಂದರೆಯಿಲ್ಲ, ಅಂಗಡಿಯೂ ಮುಚ್ಚಿರುತ್ತದೆ, ವೆಬ್‌ಸೈಟ್ ತನ್ನ ಸಂಖ್ಯೆಯಿಂದಲೇ ಕಳೆಯುತ್ತಾ ಇರುತ್ತದೆ. ಬೆಳಿಗ್ಗೆ ಮೊದಲು ಆರ್ಡರ್ ಒಳಗೆ ಬಂದರಾಯಿತು.



ಇಲ್ಲೇ ಬರೆದ, ಜೇನು ಮಾರುವ ಅಕ್ಕ ಒಬ್ಬರು ಡ್ರಮ್ಮಿನಿಂದ ಆರ್ಡರ್ ಬಂದ ಹಾಗೆ ಬಾಟಲಿ ತುಂಬುತ್ತಾರಂತೆ, ಅರ್ಧ ಕೆಜಿ, ಒಂದು ಕೆಜಿ ಎರಡೂ. ಅವರದು ಕಷ್ಟದ ಕೇಸು. ಒಂದೇ ಡ್ರಮ್ಮಿನಿಂದ ಎರಡು ಐಟಂ ಸಂಖ್ಯೆ ಹುಟ್ಟಬೇಕು, ಒಂದು ಮಾರಿದರೆ ಇನ್ನೊಂದೂ ಇಳಿಯಬೇಕು. ನಾನು ಹೇಳುವುದಾದರೆ, ವಾರಕ್ಕಾಗುವಷ್ಟು ಬಾಟಲಿ ಮೊದಲೇ ತುಂಬಿ, ಟ್ಯಾಲಿಯಲ್ಲಿ ಸ್ಟಾಕ್ ಜರ್ನಲ್ ಹಾಕಿ ಡ್ರಮ್ಮಿನಿಂದ ಬಾಟಲಿಗೆ ಬದಲಾಯಿಸಿ, ತುಂಬಿದ್ದನ್ನು ಮಾತ್ರ ವೆಬ್‌ಸೈಟಲ್ಲಿ ತೋರಿಸಿ. ಅವರಿಗೆ ಹಾಗೆ ಮೊದಲೇ ತುಂಬಿಡುವುದು ಇಷ್ಟವಿಲ್ಲ ಅಂತ ಬರೆದಿದ್ದಾರೆ. ತುಂಬದೆಯೇ ಲೆಕ್ಕ ಸರಿಯಾಗಿ ನಡೆಸುತ್ತಿರುವವರು ಯಾರಾದರೂ ಇದ್ದರೆ ಹೇಳಿ.

ಅಕ್ಕಾ, ನೀವು ಇವತ್ತು ಸಂಜೆ ಮೆಣಸಿನ ಪ್ಯಾಕೆಟ್ ಎಣಿಸಿ ಮೂರು ಸಂಖ್ಯೆ ಇಲ್ಲಿ ಹಾಕಿ: ಕೈಯಲ್ಲಿರುವುದು, ಟ್ಯಾಲಿಯಲ್ಲಿರುವುದು, ವೆಬ್‌ಸೈಟಲ್ಲಿರುವುದು. ಪ್ಯಾಕ್ ಆಗದ ಆರ್ಡರ್ ಎಷ್ಟು ಅಂತಲೂ ಬರೆಯಿರಿ.