ಮಗುವಿನ ಶ್ವಾಸಕೋಶದಲ್ಲಿ ನೀರು ಎಲ್ಲಿಂದ ಬಂತು?

ಪ್ರಶ್ನೆ: ಅಕ್ಕನಿಗೆ ನಿನ್ನೆ ಮಂಗಳೂರಿನಲ್ಲಿ ಸಿಸೇರಿಯನ್ ಆಯ್ತು. 37 ವಾರ, ನೋವು ಬಂದಿರಲಿಲ್ಲ. ಮಗು ಚೆನ್ನಾಗಿಯೇ ಅತ್ತಿತು, ಆದರೆ ಉಸಿರಾಟ ತುಂಬಾ ಫಾಸ್ಟ್ ಇದೆ, ಶ್ವಾಸಕೋಶದಲ್ಲಿ ನೀರಿದೆ ಅಂತ ಎನ್‌ಐಸಿಯುನಲ್ಲಿ ಇಟ್ಟಿದ್ದಾರೆ. ಮಗು ಹೊಟ್ಟೆಯ ನೀರು ಕುಡಿದುಬಿಟ್ಟಿತಾ? ಹುಟ್ಟುವಾಗ ಒಳಗೆ ನಿಜಕ್ಕೂ ಏನಾಗುತ್ತೆ?

ಕುಡಿದಿಲ್ಲ. ಆ ನೀರನ್ನು ಮಗುವಿನ ಶ್ವಾಸಕೋಶವೇ ತಯಾರು ಮಾಡಿದ್ದು. ನಾನು ಇಲ್ಲೇ ಮಂಗಳೂರಿನಲ್ಲಿ ಎನ್‌ಐಸಿಯು ನರ್ಸ್. ಬಾಗಿಲ ಹೊರಗೆ ಕಾಯುವ ಅಜ್ಜಿಯರು ತುಳುವಿನಲ್ಲಿ ಕೇಳುವುದೂ ಇದನ್ನೇ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಬಸಿರಾದ ನಾಲ್ಕನೇ ವಾರದ ಹೊತ್ತಿಗೆ ಅನ್ನನಾಳ ಆಗಬೇಕಾದ ಕೊಳವೆಯಿಂದ ಒಂದು ಸಣ್ಣ ಮೊಗ್ಗು ಹೊರಡುತ್ತದೆ. ಶ್ವಾಸಕೋಶದ ಶುರು ಅದೇ. ಅದು ಕವಲೊಡೆದು, ಮತ್ತೆ ಕವಲೊಡೆದು, 16-17 ವಾರಕ್ಕೆ ಗಾಳಿ ಓಡಾಡುವ ಕೊಳವೆಗಳೆಲ್ಲ ಬಹುಮಟ್ಟಿಗೆ ಸಿದ್ಧವಾಗಿರುತ್ತವೆ. ಆದರೆ ಗಾಳಿ ಮತ್ತು ರಕ್ತ ಹತ್ತಿರ ಬರುವ ಜಾಗ ಆಗ ಇನ್ನೂ ಇರುವುದಿಲ್ಲ. ಅದು ನಿಧಾನಕ್ಕೆ ಆಗುತ್ತಾ ಹೋಗುತ್ತದೆ, ಹುಟ್ಟಿದ ಮೇಲೂ ವರ್ಷಗಟ್ಟಲೆ.

ಈ ಇಡೀ ಸಮಯ ಶ್ವಾಸಕೋಶದ ಒಳಗೋಡೆ ನೀರು ಸುರಿಸುತ್ತಲೇ ಇರುತ್ತದೆ. ಸುಮ್ನೆ ಅಲ್ಲ. ಆ ನೀರು ಒಳಗಿನಿಂದ ಹಿಗ್ಗಿಸಿ ಹಿಡಿದರೆ ಮಾತ್ರ ಶ್ವಾಸಕೋಶ ಬೆಳೆಯುತ್ತದೆ. ತೀರಾ ಮೊದಲೇ, ಅಂದರೆ ಐದನೇ ತಿಂಗಳಿನ ಸುಮಾರಿಗೆ ಗರ್ಭದ ನೀರು ಸೋರಿಹೋಗಿ ಹಾಗೇ ಉಳಿದರೆ, ಒಳಗಿನ ನೀರೂ ಹೊರಗೆ ಹೋಗಿಬಿಡುತ್ತದೆ, ಅಂಥ ಮಕ್ಕಳ ಶ್ವಾಸಕೋಶ ಚಿಕ್ಕದಾಗಿಯೇ ಉಳಿಯಬಹುದು. ದಿನ ತುಂಬುವ ಹೊತ್ತಿಗೆ ಮೂರು ಕೆಜಿ ಮಗುವಿನಲ್ಲಿ ಸುಮಾರು 75ರಿಂದ 90 ಎಂಎಲ್ ನೀರು ಇರುತ್ತದೆ. ಎಲ್ಲ ಮಕ್ಕಳಲ್ಲೂ. ನಿಮ್ಮ ಅಕ್ಕನ ಮಗುವಿಗೆ ನೀರು ಜಾಸ್ತಿ ಆಗಿದ್ದಲ್ಲ, ಹೋಗುವುದು ತಡವಾಗಿದೆ ಅಷ್ಟೇ.

ಇನ್ನೊಂದು ವಸ್ತುವೂ ಬೇಕು, ಸರ್ಫ್ಯಾಕ್ಟೆಂಟ್. ಒದ್ದೆ ಪ್ಲಾಸ್ಟಿಕ್ ಕವರಿನ ಎರಡು ಪದರ ಅಂಟಿಕೊಂಡರೆ ಬಿಡಿಸಲು ಎಷ್ಟು ಕಷ್ಟ, ಅಲ್ವಾ? ಒದ್ದೆಯಾದ ಗಾಳಿಗೂಡುಗಳು ಉಸಿರು ಬಿಟ್ಟಾಗಲೆಲ್ಲ ಹಾಗೆ ಅಂಟಿಕೊಳ್ಳದಂತೆ ಈ ಜಿಡ್ಡಿನಂಥ ಪದರ ತಡೆಯುತ್ತದೆ. 24 ವಾರದ ಸುಮಾರಿಗೆ ಇದು ಸ್ವಲ್ಪ ಸ್ವಲ್ಪ ಬರತೊಡಗಿ, 34-35 ವಾರಕ್ಕೆ ಹೆಚ್ಚಿನ ಮಕ್ಕಳಲ್ಲಿ ಸಾಕಷ್ಟು ಆಗಿರುತ್ತದೆ. ನಿಮ್ಮದು 37 ವಾರ, ಹಾಗಾಗಿ ಇದರ ಕೊರತೆ ಇರುವ ಸಾಧ್ಯತೆ ಕಮ್ಮಿ.

ಈಗ ನೀರು ಹೋಗುವ ವಿಷಯ. ಹೆರಿಗೆ ದಾರಿಯಲ್ಲಿ ಎದೆ ಒತ್ತಿದಾಗ ನೀರೆಲ್ಲ ಹಿಂಡಿ ಹೊರಗೆ ಬರುತ್ತದೆ ಅಂತ ಜಾಸ್ತಿ ಜನ ನಂಬಿದ್ದಾರೆ. ಒತ್ತಡದಿಂದ ಒಂದಷ್ಟು ಬರುತ್ತದೆ ನಿಜ. ಆದರೆ ಮುಖ್ಯ ಕೆಲಸ ನೋವಿನದು. ನೋವು ಶುರುವಾದಾಗ ಮಗುವಿನ ಮೈಯಲ್ಲಿ ಅಡ್ರಿನಾಲಿನ್ ಏರುತ್ತದೆ. ಅದು ಏರಿದ ಕೂಡಲೇ ಅಷ್ಟು ತಿಂಗಳು ನೀರು ಸುರಿಸಿದ ಅದೇ ಜೀವಕೋಶಗಳು ಸುರಿಸುವುದನ್ನು ನಿಲ್ಲಿಸಿ, ಸೋಡಿಯಂ ಒಳಗೆಳೆದುಕೊಳ್ಳುತ್ತವೆ, ಅದರ ಹಿಂದೆ ನೀರೂ ಹೋಗುತ್ತದೆ. ನೋವೇ ಬಾರದೆ ಸಿಸೇರಿಯನ್ ಆದ ಮಗುವಿಗೆ ಈ ಮುನ್ಸೂಚನೆ ಸಿಕ್ಕಿರುವುದಿಲ್ಲ. ಅದಕ್ಕೇ ವೈದ್ಯಕೀಯ ಕಾರಣ ಇಲ್ಲದಿದ್ದರೆ 39 ವಾರ ತುಂಬಿದ ಮೇಲೆಯೇ ಆಪರೇಷನ್ ಮಾಡಿ ಅನ್ನುವುದು. ನಮ್ಮ ಕಡೆ ನಕ್ಷತ್ರ ನೋಡಿ, ಜೋಯಿಸರು ಹೇಳಿದ ಗಳಿಗೆಗೆ ಎರಡು ವಾರ ಮೊದಲೇ ಮಾಡಿಸುವವರಿದ್ದಾರೆ, ನನಗೆ ಅದು ಸರಿ ಅನ್ನಿಸುವುದಿಲ್ಲ. ನಿಮ್ಮ ಅಕ್ಕನಿಗೆ ಬಿಪಿಯೋ ಇನ್ನೇನೋ ಕಾರಣ ಇದ್ದಿರಬಹುದು, ಹಾಗಿದ್ದರೆ ಕಾಯುವುದೇ ಅಪಾಯ, ಆ ಮಾತು ಬೇರೆ.

ಮೊದಲ ಉಸಿರಿಗೆ ಮಗು ಜೋರಾಗಿ ಎಳೆಯಬೇಕು. ಗಾಳಿ ಒಳಗೆ ನುಗ್ಗುತ್ತಾ ನೀರನ್ನು ಗಾಳಿಗೂಡಿನಿಂದ ಸುತ್ತಲಿನ ಅಂಗಾಂಶಕ್ಕೆ ತಳ್ಳುತ್ತದೆ. ಅಳುವಾಗ ಮಗು ಗಂಟಲನ್ನು ಅರ್ಧ ಬಿಗಿಹಿಡಿದು ಉಸಿರು ಬಿಡುತ್ತದೆ, ಅದರಿಂದ ಒಳಗಿನ ಗಾಳಿ ಪೂರ್ತಿ ಖಾಲಿಯಾಗದೆ ನಿಲ್ಲುತ್ತದೆ. ಅಂಗಾಂಶಕ್ಕೆ ಹೋದ ನೀರನ್ನು ರಕ್ತನಾಳ ಮತ್ತು ದುಗ್ಧರಸ ನಾಳಗಳು ಕೆಲವು ಗಂಟೆಗಳಲ್ಲಿ ಒಯ್ಯುತ್ತವೆ. ಎಕ್ಸ್‌ರೇಯಲ್ಲಿ ಬಿಳಿ ಗೆರೆಗಳಾಗಿ ಕಾಣುವುದು ಹೀಗೆ ಇನ್ನೂ ಒಯ್ಯಬೇಕಾಗಿರುವ ನೀರೇ.

ಅದೇ ಗಳಿಗೆಯಲ್ಲಿ ರಕ್ತದ ದಾರಿಯೂ ಬದಲಾಗುತ್ತದೆ. ಹೊಟ್ಟೆಯೊಳಗೆ ಆಮ್ಲಜನಕ ಬರುವುದು ಮಾಸಿನಿಂದ, ಶ್ವಾಸಕೋಶಕ್ಕೆ ಕೆಲಸವಿಲ್ಲ. ಅದರ ರಕ್ತನಾಳಗಳು ಬಿಗಿದುಕೊಂಡಿರುತ್ತವೆ, ಸ್ವಲ್ಪ ರಕ್ತ ಮಾತ್ರ ಅಲ್ಲಿಗೆ ಹೋಗುತ್ತದೆ. ಉಳಿದದ್ದಕ್ಕೆ ಎರಡು ಒಳದಾರಿ: ಹೃದಯದ ಮೇಲಿನ ಎರಡು ಕೋಣೆಗಳ ನಡುವಿನ ಕಿಂಡಿ ಒಂದು, ಶ್ವಾಸಕೋಶಕ್ಕೆ ಹೋಗುವ ನಾಳದಿಂದ ನೇರ ಮಹಾಧಮನಿಗೆ ಸೇರುವ ಡಕ್ಟಸ್ ಎಂಬ ನಾಳ ಇನ್ನೊಂದು. ಗಾಳಿ ತುಂಬಿದ ಕೂಡಲೇ ಬಿಗಿದಿದ್ದ ನಾಳಗಳು ಸಡಿಲಾಗಿ ರಕ್ತ ನುಗ್ಗುತ್ತದೆ. ಆ ರಕ್ತ ಹೃದಯದ ಎಡಗೋಣೆಗೆ ವಾಪಸ್ ಬಂದು ಅಲ್ಲಿ ಒತ್ತಡ ಏರುತ್ತದೆ, ಇತ್ತ ಹೊಕ್ಕುಳಬಳ್ಳಿಗೆ ಕ್ಲ್ಯಾಂಪ್ ಬಿದ್ದು ಬಲಗೋಣೆಗೆ ಬರುವ ರಕ್ತ ಕಮ್ಮಿಯಾಗುತ್ತದೆ, ಎಡದ ಒತ್ತಡಕ್ಕೆ ಕಿಂಡಿಯ ಪರದೆ ಮುಚ್ಚಿಕೊಳ್ಳುತ್ತದೆ. ಡಕ್ಟಸ್ ಮಾತ್ರ ನಿಧಾನ. ರಕ್ತದಲ್ಲಿ ಆಮ್ಲಜನಕ ಏರಿ, ಅದನ್ನು ತೆರೆದಿಡಲು ಮಾಸಿನಿಂದ ಬರುತ್ತಿದ್ದ ಪ್ರೊಸ್ಟಾಗ್ಲಾಂಡಿನ್ ಎಂಬ ರಾಸಾಯನಿಕ ನಿಂತ ಮೇಲೆ ಅದು ಬಿಗಿಯುತ್ತದೆ, ದಿನ ತುಂಬಿದ ಮಕ್ಕಳಲ್ಲಿ ಸಾಧಾರಣವಾಗಿ ಒಂದರಿಂದ ಮೂರು ದಿನ.

ಇದನ್ನು ನಾವು ಕಣ್ಣಾರೆ ನೋಡುವುದು ಮಗುವಿನ ಬಲಗೈಗೆ ಸುತ್ತಿದ ಕೆಂಪು ಬೆಳಕಿನ ಪ್ರೋಬಿನಲ್ಲಿ. ಆರೋಗ್ಯವಂತ ಮಗುವಿಗೂ ಮೊದಲ ನಿಮಿಷದಲ್ಲಿ ಆಮ್ಲಜನಕ 60-65 ಶೇಕಡಾ ತೋರಿಸುತ್ತದೆ. ಐದನೇ ನಿಮಿಷಕ್ಕೆ 80-85, ಹತ್ತಕ್ಕೆ 85ರಿಂದ 95. ಬಲಗೈಯೇ ಯಾಕೆಂದರೆ, ಅಲ್ಲಿಗೆ ರಕ್ತ ಹೋಗುವುದು ಡಕ್ಟಸ್ ಸೇರುವ ಜಾಗಕ್ಕಿಂತ ಮೊದಲು. ಕೆಲವು ಮಕ್ಕಳಲ್ಲಿ ಶ್ವಾಸಕೋಶದ ನಾಳಗಳು ಸಡಿಲಾಗದೆ ಹಳೇ ದಾರಿಯಲ್ಲೇ ರಕ್ತ ಹರಿಯುತ್ತದೆ. ಆಗ ಬಲಗೈಯಲ್ಲಿ 95 ಇದ್ದರೂ ಕಾಲಿನಲ್ಲಿ 85 ಬರಬಹುದು. ಇದು ಗಂಭೀರ, ಅದಕ್ಕೇ ಎರಡೂ ಕಡೆ ನೋಡುತ್ತೇವೆ.

ನಿಮ್ಮ ಮಗುವಿನ ವಿಷಯಕ್ಕೆ ಬಂದರೆ, ಇಂಥ ಮಕ್ಕಳು ನಿಮಿಷಕ್ಕೆ 60ಕ್ಕಿಂತ ಜಾಸ್ತಿ, ಒಮ್ಮೊಮ್ಮೆ 80-90 ಸಲ ಉಸಿರಾಡುತ್ತವೆ, ಮೂಗಿನ ಹೊಳ್ಳೆ ಅರಳುತ್ತದೆ, ಸಣ್ಣಗೆ ನರಳುತ್ತವೆ. ಹೆಚ್ಚಿನವು 24ರಿಂದ 72 ಗಂಟೆಯಲ್ಲಿ ಸರಿಹೋಗುತ್ತವೆ. ನೀವು ಡಾಕ್ಟರ ಹತ್ತಿರ ಕೇಳಬೇಕಾದ್ದು ಒಂದೇ: ಆಮ್ಲಜನಕದ ಅಗತ್ಯ ನಿನ್ನೆಗಿಂತ ಇವತ್ತು ಇಳಿಯುತ್ತಿದೆಯಾ? ಇಳಿಯುತ್ತಿದ್ದರೆ ಒಳ್ಳೆಯದು. ಏರುತ್ತಿದ್ದರೆ ಅಥವಾ ಮೂರು ದಿನವಾದರೂ ಹಾಗೇ ಇದ್ದರೆ ಸೋಂಕು, ಸರ್ಫ್ಯಾಕ್ಟೆಂಟ್ ಕೊರತೆ, ಹೃದಯದ ತೊಂದರೆ ಇವನ್ನೆಲ್ಲ ಹುಡುಕುತ್ತಾರೆ. ಸೋಂಕಿನ ಶುರುವೂ ನೋಡಲು ಹೀಗೇ ಇರುವುದರಿಂದ ರಕ್ತ ಪರೀಕ್ಷೆ ಮಾಡಿ ಆ್ಯಂಟಿಬಯೋಟಿಕ್ ಕೊಟ್ಟಿದ್ದರೆ ಗಾಬರಿಯಾಗಬೇಡಿ.

ಉಸಿರು ಇಷ್ಟು ಜೋರಿರುವಾಗ ಬಾಯಿಗೆ ಹಾಲು ಹಾಕಿದರೆ ಉಸಿರ್ನಾಳಕ್ಕೆ ಹೋಗುವ ಅಪಾಯ ಇದೆ, ಹಾಗಾಗಿ ಟ್ಯೂಬಿನಲ್ಲಿ ಕೊಡುತ್ತಾರೆ ಅಥವಾ ಸ್ವಲ್ಪ ಹೊತ್ತು ಡ್ರಿಪ್ ಹಾಕುತ್ತಾರೆ. ಅಕ್ಕ ಮಲಗಿದಲ್ಲೇ ಎರಡು-ಮೂರು ಗಂಟೆಗೊಮ್ಮೆ ಹಾಲು ಹಿಂಡಲಿ, ಮೊದಲಿನ ಹಳದಿ ಹಾಲು ಒಂದು ಚಮಚವೇ ಬಂದರೂ ಚೆಲ್ಲದೆ ಎನ್‌ಐಸಿಯು ಸಿಸ್ಟರ್ ಕೈಗೆ ಕೊಡಿ.